ಮಾವನ ಅರಿಸಿನವನ್ನು ಕೊಂಡವನು ಯಾರು?

ನಮ್ಮ ಜತ್ತ ಕಡೆಯ ಕಟ್ಟೆಗಳ ಮೇಲೆ ವಾಯಿದೆ ವ್ಯಾಪಾರದ, ಅಂದರೆ ಮುಂದಿನ ತಿಂಗಳ ಮಾಲಿಗೆ ಇಂದೇ ದರ ಗೊತ್ತುಮಾಡಿ ಕೊಳ್ಳುವ ಮಾರುವ ವ್ಯಾಪಾರದ ಮಾತು ಬಂದರೆ ಎಲ್ಲರೂ ಒಂದೇ ದನಿಯಲ್ಲಿ ‘ಸಟ್ಟಾ ಆಡುವವರು ರೈತನನ್ನು ಮುಳುಗಿಸಿದರು’ ಎನ್ನುತ್ತಾರೆ. ನಾನೂ ಹಾಗೆಯೇ ಅನ್ನುತ್ತಿದ್ದೆ. ರೈತ ಉತ್ಪಾದಕರ ಕಂಪನಿಯೊಂದರ ಲೆಕ್ಕ ಬರೆಯತೊಡಗಿದ ಮೇಲೆ ಆ ಮಾತು ಬಾಯಿಗೆ ಬರುವುದು ಕಡಿಮೆಯಾಗಿದೆ.

ಮಿರಜ ತಾಲ್ಲೂಕಿನಲ್ಲಿ ಹೊಳೆಸಾಲಿನಲ್ಲಿರುವ ನನ್ನ ಸೋದರಮಾವನಿಗೆ ಎರಡೂವರೆ ಎಕರೆ ಅರಿಸಿನ. ಒಂದು ಜನವರಿಯಲ್ಲಿ, ಗಡ್ಡೆ ಇನ್ನೂ ನೆಲದಲ್ಲಿರುವಾಗಲೇ, ಎನ್‌ಸಿಡಿಇಎಕ್ಸ್ ಎಂಬ ವಾಯಿದೆ ಪೇಟೆಯಲ್ಲಿ ಮೇ ತಿಂಗಳ ಅರಿಸಿನದ ಒಂದು ಲಾಟ್ ಮಾರಿಸಿದೆ. ಒಂದು ಲಾಟ್ ಎಂದರೆ ಐದು ಟನ್, ಐವತ್ತು ಕ್ವಿಂಟಲ್. ದರ ಕ್ವಿಂಟಲಿಗೆ 14,000. ಆ ದಿನ ಸಾಂಗ್ಲಿ ಪೇಟೆಯಲ್ಲಿ 14,600 ಇತ್ತು. ಮಾವ ಪರದೆಯನ್ನೇ ದಿಟ್ಟಿಸಿ ಕೇಳಿದರು: “ಬೆಲೆ ಇಳಿಯುತ್ತದೆಂದು ಹೆದರಿ ನಾನು ಮಾರಿದೆ, ಸರಿ. ಇದನ್ನು ಕೊಂಡ ಪುಣ್ಯಾತ್ಮ ಯಾರೋ? ಅವನಿಗೆ ತಲೆ ಕೆಟ್ಟಿದೆಯೇ?”

ಮಸಾಲೆ ಕಾರ್ಖಾನೆಯವರು ಕೊಂಡಿರಬೇಕು ಎಂದುಬಿಟ್ಟರೆ ಉತ್ತರ ಸುಲಭ. ಅವರಿಗೆ ಬೆಲೆ ಏರುವ ಭಯ, ನಮಗೆ ಇಳಿಯುವ ಭಯ. ಎರಡೂ ಭಯ ಕೈಕುಲುಕಿದರೆ ಕತೆ ಮುಗಿಯಿತು. ಆದರೆ ಹಾಗೆ ಆಗುವುದು ಕಡಿಮೆ. ಕಾರ್ಖಾನೆಗೆ ಅರಿಸಿನ ಬೇಕಾಗುವುದು ವರ್ಷವಿಡೀ, ತಿಂಗಳಿಗಿಷ್ಟು ಎಂದು. ಮಾರುವವರು ಮಾತ್ರ ಸುಗ್ಗಿಯ ಹೊತ್ತಿಗೆ ಒಟ್ಟಾಗಿ ಬರುತ್ತಾರೆ. ರೈತರಷ್ಟೇ ಅಲ್ಲ, ಗೋದಾಮು ತುಂಬಿಸಿಕೊಂಡ ದಾಸ್ತಾನುದಾರರೂ ಇಳಿಕೆಗೆ ಹೆದರಿ ಮಾರುವ ಸಾಲಿನಲ್ಲೇ ನಿಲ್ಲುತ್ತಾರೆ. ಹೀಗೆ ಉಳಿದುಹೋಗುವ ಭಾರವನ್ನು ಯಾರಾದರೂ ಹೊರಲೇಬೇಕು. ಹೊರುವವನು ಅರಿಸಿನ ಬೆಳೆಯದ, ಅರೆಯದ, ಬಹುಶಃ ಮೂಸಿಯೂ ನೋಡದ ಸಟ್ಟೆಯವನು. 14,000ಕ್ಕಿಂತ ಮೇಲೆ ಹೋದೀತು ಎಂಬ ಆಸೆಗೆ ಅವನು ಮಾವನ ಭಯವನ್ನು ಕೊಂಡುಕೊಂಡ.

ಇದು ಹೊಸದೇನೂ ಅಲ್ಲ. ಸಾಂಗ್ಲಿಯ ಹರಿಪುರದಲ್ಲಿ ಅರಿಸಿನ ತುಂಬಿಡುತ್ತಿದ್ದ ಹಗೇವುಗಳಿದ್ದವು. ಸುಗ್ಗಿಯಲ್ಲಿ ಕೊಂಡು ನೆಲದೊಳಗೆ ಹೂಳಿ, ಬೆಲೆ ಬರಲೆಂದು ಕಾಯುತ್ತಿದ್ದ ಸಾಹುಕಾರ ಮಾಡುತ್ತಿದ್ದುದೂ ಸಟ್ಟೆಯೇ. ಅವನ ಕೈಗೆ ಅರಿಸಿನ ಹತ್ತಿರುತ್ತಿತ್ತು, ಅಷ್ಟೇ ವ್ಯತ್ಯಾಸ.

ಮಾವನ ಕತೆ ಅಷ್ಟು ನುಣ್ಣಗೆ ಸಾಗಲಿಲ್ಲ. ಫೆಬ್ರುವರಿಯಲ್ಲಿ ವಾಯಿದೆ ದರ 15,200ಕ್ಕೆ ಏರಿತು. ಮಾರಿದವನಿಗೆ ಕ್ವಿಂಟಲಿಗೆ 1,200 ನಷ್ಟ, ಐವತ್ತು ಕ್ವಿಂಟಲಿಗೆ 60,000. ಈ ಲೆಕ್ಕ ಪ್ರತಿದಿನ ಸಂಜೆ ನಡೆಯುತ್ತದೆ, ಹಣವನ್ನೂ ಆಗಲೇ ತುಂಬಬೇಕು. ನೆಲದಲ್ಲಿರುವ ಅರಿಸಿನದ ಬೆಲೆಯೂ ಅಷ್ಟೇ ಏರಿದೆ ನಿಜ, ಆದರೆ ಗಡ್ಡೆಯನ್ನು ಬ್ಯಾಂಕಿಗೆ ಕಟ್ಟಲಾಗುವುದಿಲ್ಲ. ಅತ್ತೆಯ ಬಳೆ ಅಡವಿಟ್ಟು ತುಂಬಿದೆವು. ತುಂಬದಿದ್ದರೆ ದಲಾಲಿ ಸಂಸ್ಥೆ ಸೌದಾ ಮುಗಿಸಿಬಿಡುತ್ತಿತ್ತು. ನಷ್ಟ ಗಟ್ಟಿಯಾಗಿ, ರಕ್ಷಣೆ ಕಳಚಿಹೋಗುತ್ತಿತ್ತು. ಸಣ್ಣ ರೈತ ಸೋಲುವುದು ಹೆಚ್ಚಾಗಿ ಇಲ್ಲಿ. ಬೆಲೆಯ ಅಂದಾಜು ತಪ್ಪಿ ಅಲ್ಲ, ನಡುವಿನ ಎರಡು ವಾರಕ್ಕೆ ಕೈಯಲ್ಲಿ ಕಾಸಿಲ್ಲದೆ.

ಏಪ್ರಿಲ್‌ನಲ್ಲಿ ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿದ ಮಾಲು ಸಾಂಗ್ಲಿಗೆ ಹೋಯಿತು. ಅಲ್ಲಿ 12,900ಕ್ಕೆ ಹೋಯಿತು. ಅದೇ ದಿನ, ಜನವರಿಯಲ್ಲಿ 14,000ಕ್ಕೆ ಮಾರಿದ್ದ ವಾಯಿದೆ ಸೌದಾವನ್ನು 12,400ಕ್ಕೆ ಮರಳಿ ಕೊಂಡು ಮುಗಿಸಿದೆವು. ಅಲ್ಲಿ ಸಿಕ್ಕ 1,600 ಸೇರಿಸಿದರೆ ಕ್ವಿಂಟಲಿಗೆ 14,500 ಬಿತ್ತು, ದಲಾಲಿ ಖರ್ಚು ಬಿಟ್ಟು. ಜನವರಿಯ 14,600 ಏಕೆ ಬರಲಿಲ್ಲ ಎಂದು ಮಾವ ಪಟ್ಟು ಹಿಡಿದರು. ಕರಾರಿನ ದರ ನಿಜಾಮಾಬಾದಿನ ಮಾಲಿನ ಮೇಲೆ ನಿಂತಿದೆ, ನಾವು ಮಾರುವುದು ಸಾಂಗ್ಲಿಯಲ್ಲಿ. ಎರಡರ ನಡುವಿನ ಅಂತರ 600 ಇದ್ದದ್ದು 500 ಆಯಿತು. ಆ ನೂರು ರೂಪಾಯಿಯ ಅಪಾಯವನ್ನು ಯಾವ ಸಟ್ಟೆಯವನೂ ಮಾವನಿಂದ ಕೊಂಡಿರಲಿಲ್ಲ.

ಹಾಗೆಂದು ಸಟ್ಟೆಯವರಿಗೆಲ್ಲ ಆರತಿ ಎತ್ತುತ್ತಿಲ್ಲ. ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರುವವನು ಸೌದಾ ಬೇಗ ಕುದುರಲು ನೆರವಾಗುತ್ತಾನೆ, ಆದರೆ ಮಾವನ ಭಯವನ್ನು ರಾತ್ರಿ ಮನೆಗೆ ಒಯ್ಯುವುದಿಲ್ಲ. ಒಯ್ಯುವವರೆಷ್ಟು ಎಂದು ತಿಳಿಯಬೇಕಾದರೆ ದಿನದ ವಹಿವಾಟನ್ನಲ್ಲ, ಓಪನ್ ಇಂಟರೆಸ್ಟ್ ಎಂಬ ಸಾಲನ್ನು ನೋಡಿ. ದಿನದ ಕೊನೆಗೆ ತೀರದೆ ಉಳಿದ ಸೌದಾಗಳ ಸಂಖ್ಯೆ ಅದು. ದೂರದ ತಿಂಗಳ ಕರಾರಿನಲ್ಲಿ ಅದು ತೀರಾ ಕಡಿಮೆ ಇದ್ದು, ಕೊಳ್ಳುವವನ ದರಕ್ಕೂ ಮಾರುವವನ ದರಕ್ಕೂ ಕ್ವಿಂಟಲಿಗೆ ಇನ್ನೂರು ಮುನ್ನೂರು ವ್ಯತ್ಯಾಸ ಕಂಡರೆ ಅಲ್ಲಿಗೆ ಹೋಗಬೇಡಿ. ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಚರ್ಮ ಸುಲಿಯುತ್ತದೆ.

ಸಟ್ಟೆ ನಿಂತರೆ ರೈತ ಉಳಿದಾನು ಎನ್ನುವವರಿಗೆ ಅಕ್ಕಲಕೋಟೆಯ ನನ್ನ ಭಾವನನ್ನು ತೋರಿಸುತ್ತೇನೆ. 2021ರ ಡಿಸೆಂಬರಿನಲ್ಲಿ ಈ ಪೇಟೆಗಳ ನಿಯಂತ್ರಕ ಸೆಬಿ ಸೋಯಾಬೀನ್, ಕಡಲೆ ಸೇರಿ ಏಳು ಸರಕುಗಳ ವಾಯಿದೆ ವ್ಯಾಪಾರ ನಿಲ್ಲಿಸಿತು, ಆಮೇಲೆ ಆ ನಿಷೇಧವನ್ನು ಮತ್ತೆ ಮತ್ತೆ ವಿಸ್ತರಿಸಿತು. ಭಾವನ ಭಯ ಅದರಿಂದೇನೂ ಕಡಿಮೆಯಾಗಲಿಲ್ಲ, ಕೊಳ್ಳುವವನಷ್ಟೇ ಇಲ್ಲವಾದ. ಮರುವರ್ಷ ಅವನು ರಾಶಿ ಮಾಡಿದ ವಾರದಲ್ಲೇ ಸೋಯಾಬೀನನ್ನು ಅಡತಿ ಅಂಗಡಿಯಲ್ಲಿ ಸುರಿದು, ಅಡತ್ಯಾ ಹೇಳಿದ ದರಕ್ಕೆ ಚೀಟಿ ಬರೆಸಿಕೊಂಡು ಬಂದ.