ಅಜ್ಜಿಯ ಇಸ್ಕೂಲು, ಅಜ್ಜಿಯ ಗಿಲಾಸು

ಮೊನ್ನೆ ಒಂದು ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೊಮ್ಮಗಳ ಬಗ್ಗೆ ಹೇಳುತ್ತಾ "ಇಸ್ಕೂಲಿಗೆ ಹೋಗ್ತಾಳೆ" ಅಂದರು. ಎದುರಿಗಿದ್ದ ಹುಡುಗರು ಮುಖ ಮುಖ ನೋಡಿಕೊಂಡು ನಕ್ಕರು. ನನಗೆ ಸಿಟ್ಟು ಬಂತು. ನನ್ನ ಅಜ್ಜಿಯೂ ಹಾಗೇ ಹೇಳುತ್ತಿದ್ದಳು ಅನ್ನುವುದು ಒಂದು ಕಾರಣ. ಆ ಹುಡುಗರು ನಗುತ್ತಿದ್ದದ್ದು ಒಂದು ಬಹಳ ಅಚ್ಚುಕಟ್ಟಾದ ನಿಯಮವನ್ನು ನೋಡಿ ಅನ್ನುವುದು ಇನ್ನೊಂದು.

ಅಜ್ಜಿಯ ಮಾತನ್ನೇ ತೆಗೆದುಕೊಳ್ಳಿ. ಸ್ಕೂಲು ಅವಳ ಬಾಯಲ್ಲಿ ಇಸ್ಕೂಲು. ಸ್ಟೀಲು ಇಸ್ಟೀಲು. ಆದರೆ ಗ್ಲಾಸು? ಅದು ಗಿಲಾಸು, ಇಗ್ಲಾಸು ಅಲ್ಲ. ಪ್ರೀತಿ ಪಿರೀತಿ ಆಯಿತು, ಇಪ್ರೀತಿ ಆಗಲಿಲ್ಲ. ಸ್ನೇಹ ಕೂಡ ಸಿನೇಹ. ಅಂದರೆ ಅಜ್ಜಿ ಸುಮ್ನೆ ಎಲ್ಲೆಂದರಲ್ಲಿ 'ಇ' ತುರುಕುತ್ತಿರಲಿಲ್ಲ. ಕೆಲವು ಪದಗಳಲ್ಲಿ ಅದು ಮುಂದೆ ಬಂತು, ಕೆಲವುದರಲ್ಲಿ ನಡುವೆ ಬಂತು. ಸ್ಕೂಲು, ಸ್ನೇಹ ಎರಡೂ 'ಸ'ದಿಂದಲೇ ಶುರುವಾಗುತ್ತವೆ. ಹಾಗಿದ್ದೂ ಒಂದಕ್ಕೆ ಒಂದು ಚಿಕಿತ್ಸೆ, ಇನ್ನೊಂದಕ್ಕೆ ಇನ್ನೊಂದು. ಯಾಕೆ?

ಇದು ತಿಳಿಯಬೇಕಾದರೆ ಮೊದಲು ಸಿಲಬಲ್ ಅಂದರೇನು ನೋಡಬೇಕು. ಒಂದು ಸ್ವರದ ಸುತ್ತ ಬಾಯಿ ಒಂದೇ ಸಲಕ್ಕೆ ಹೇಳುವ ಪದದ ತುಂಡೇ ಸಿಲಬಲ್. ನಮ್ಮ ಲಿಪಿ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. 'ಪುಸ್ತಕ' ಅಂತ ಬರೆಯುವಾಗ ಪು, ಸ್ತ, ಕ ಅಂತ ಮೂರು ಅಕ್ಷರ. ಬಾಯಿ ಒಡೆಯುವುದು ಬೇರೆ ರೀತಿ: ಪುಸ್-ತ-ಕ. ನಂಬಿಕೆ ಬರದಿದ್ದರೆ ಹೈಸ್ಕೂಲಿನ ಛಂದಸ್ಸಿನ ಪಾಠ ನೆನಪಿಸಿಕೊಳ್ಳಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಉರು ಹೊಡೆದಿದ್ದೆವು ಅಲ್ವಾ? ಒತ್ತು ಇರುವುದು 'ತ'ದ ಹತ್ತಿರ, ಭಾರ ಬೀಳುವುದು 'ಪು' ಮೇಲೆ. ಯಾಕೆಂದು ಯಾರೂ ಹೇಳಲಿಲ್ಲ. ಕಾರಣ ಇಷ್ಟೇ: 'ಸ್' ಸೇರಿರುವುದು ಹಿಂದಿನ ಸಿಲಬಲ್‌ಗೆ. 'ಪು' ಈಗ 'ಪುಸ್' ಆಗಿ ಮುಚ್ಚಿಕೊಂಡಿದೆ, ಅದಕ್ಕೇ ಭಾರ. ಲಿಪಿ ಮುಚ್ಚಿಟ್ಟದ್ದು ಛಂದಸ್ಸಿಗೆ ಗೊತ್ತಿತ್ತು.

ಈಗ ಎರಡನೇ ವಿಷಯ. ಎಲ್ಲ ಧ್ವನಿಗಳಿಗೂ ಒಂದೇ ಮೊಳಗು ಇರುವುದಿಲ್ಲ. ಭಾಷಾವಿಜ್ಞಾನದವರು ಇದನ್ನು ಸೊನಾರಿಟಿ ಅನ್ನುತ್ತಾರೆ. ನಾನು ಮೊಳಗು ಅಂತಲೇ ಅನ್ನುತ್ತೇನೆ. ಬಾಯಿ ಪೂರ್ತಿ ಮುಚ್ಚಿ ಬಿಡುವ ಕ, ಗ, ತ, ಪ ಇವುಗಳ ಮೊಳಗು ಎಲ್ಲಕ್ಕಿಂತ ಕಡಿಮೆ. ಸ, ಶ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಆಮೇಲೆ ನ, ಮ. ಅದರ ಮೇಲೆ ಲ, ರ. ಆಮೇಲೆ ಯ, ವ. ಎಲ್ಲಕ್ಕೂ ಮೇಲೆ ಸ್ವರಗಳು. ಒಂದು ಸಿಲಬಲ್ ಒಂದು ಗುಡ್ಡದ ಹಾಗೆ ಇರಬೇಕು: ಮೊಳಗು ಏರುತ್ತಾ ಹೋಗಿ ಸ್ವರದಲ್ಲಿ ತುದಿ ಮುಟ್ಟಿ ಮತ್ತೆ ಇಳಿಯಬೇಕು. ಜರ್ಮನಿಯ ಸೀವರ್ಸ್ 1881ರಲ್ಲಿ, ಡೆನ್ಮಾರ್ಕಿನ ಯೆಸ್ಪರ್ಸನ್ 1904ರಲ್ಲಿ ಈ ವಿಚಾರವನ್ನು ಬರೆದಿಟ್ಟಿದ್ದಾರೆ.

ಗ್ಲಾಸು ಈ ಗುಡ್ಡಕ್ಕೆ ಸರಿಯಾಗಿ ಹೊಂದುತ್ತದೆ. 'ಗ್' ಕೆಳಗೆ, 'ಲ್' ಮೇಲೆ, 'ಆ' ತುದಿ. ಸ್ನೇಹದಲ್ಲೂ ಏರಿಕೆಯೇ. ಪ್ರೀತಿಯಲ್ಲೂ ಏರಿಕೆಯೇ. ಸ್ಕೂಲು ಮಾತ್ರ ಹದಗೆಟ್ಟಿದೆ. 'ಸ್' ಮೇಲಿನ ಮೆಟ್ಟಿಲು, 'ಕ್' ಕೆಳಗಿನದು. ಹತ್ತುವ ಮೊದಲೇ ಒಂದು ಗುಂಡಿ ಬಿತ್ತು.

ಅಜ್ಜಿಯ ಕನ್ನಡದಲ್ಲಿ ಪದದ ಶುರುವಿಗೆ ಎರಡು ವ್ಯಂಜನ ಒಟ್ಟಿಗೆ ನಿಲ್ಲುವ ಹಾಗೇ ಇಲ್ಲ. ಏರಲಿ, ಇಳಿಯಲಿ. ಅಚ್ಚಗನ್ನಡದ ಪದಗಳನ್ನು ನೆನಪಿಸಿಕೊಳ್ಳಿ, ಒಂದೂ ಒತ್ತಕ್ಷರದಿಂದ ಶುರುವಾಗುವುದಿಲ್ಲ. ಹಾಗಾಗಿ ಎರಡನ್ನೂ ರಿಪೇರಿ ಮಾಡಲೇಬೇಕು. ಆದರೆ ರಿಪೇರಿ ಎಲ್ಲಿ ಅನ್ನುವುದನ್ನು ಮೊಳಗು ತೀರ್ಮಾನಿಸುತ್ತದೆ.

'ಇ' ಮುಂದೆ ಹಾಕಿದರೆ ಇಸ್-ಕೂ-ಲು. ಹಿಂದಿನ ಸಿಲಬಲ್ 'ಸ್'ನಲ್ಲಿ ಮುಗಿಯುತ್ತದೆ, ಮುಂದಿನದು ಅದಕ್ಕಿಂತ ಕಡಿಮೆ ಮೊಳಗಿನ 'ಕ್'ನಿಂದ ಶುರುವಾಗುತ್ತದೆ. ಇಳಿದು ಮತ್ತೆ ಏರುವ ಈ ಜೋಡಣೆ ನಾಲಿಗೆಗೆ ಹಿತ. ಬೆಂಕಿ, ಹಂದಿ, ಕರ್ಪೂರ, ಆಸ್ತಿ ಎಲ್ಲವೂ ಹೀಗೇ. ಈಗ ಗ್ಲಾಸಿಗೂ ಇದನ್ನೇ ಮಾಡಿ ನೋಡಿ: ಇಗ್-ಲಾ-ಸು. ಹಿಂದಿನದು 'ಗ್'ನಲ್ಲಿ ತಟ್ಟನೆ ನಿಂತಿತು, ಮುಂದಿನದು ಜೋರಾದ 'ಲ್'ನಿಂದ ಶುರುವಾಯಿತು. ಗಡಿಯಲ್ಲಿ ಇಳಿಯುವ ಬದಲು ಏರಿತು. ಹಾಗಾಗಿ ಅಜ್ಜಿ ಆ ದಾರಿ ಬಿಟ್ಟು 'ಗ್'ಗೇ ಒಂದು ಸ್ವರ ಕೊಟ್ಟಳು. ಗಿ-ಲಾ-ಸು. ಸಿ-ನೇ-ಹ. ಗಡಿಯಲ್ಲಿ ಮೊಳಗು ಇಳಿಯಬೇಕು ಅನ್ನುವ ಈ ಮಾತನ್ನು ಮರ್ರೆ ಮತ್ತು ಫೆನ್ನೆಮನ್ 1983ರಲ್ಲಿ ಜರ್ಮನ್ ಬಳಗದ ಭಾಷೆಗಳನ್ನು ನೋಡಿ ಬರೆದರು. ಅಜ್ಜಿಗೆ ಅವರ್ಯಾರೂ ಗೊತ್ತಿರಲಿಲ್ಲ ಬಿಡಿ.

ಇದಕ್ಕೆ ಇನ್ನೊಂದು ವಿವರಣೆಯೂ ಇದೆ, ಕಿವಿಯ ಕಡೆಯಿಂದ. 'ಗ್ಲ' ಹೇಳುವಾಗ ಗ್ ಬಿಟ್ಟು ಲ್‌ಗೆ ಹೋಗುವ ದಾರಿಯಲ್ಲಿ ಹೇಗೂ ಒಂದು ಸಣ್ಣ ಸ್ವರದಂಥದ್ದು ಕೇಳಿಸುತ್ತದೆ. ಅಲ್ಲಿ 'ಇ' ಸೇರಿಸಿದರೆ ಕಿವಿಗೆ ದೊಡ್ಡ ವ್ಯತ್ಯಾಸ ಅನ್ನಿಸುವುದಿಲ್ಲ. 'ಸ್' ಮತ್ತು 'ಕ್' ನಡುವೆ ಇರುವುದು ಬರೀ ಮೌನ. ಅಲ್ಲಿ ಸ್ವರ ಸೇರಿಸಿ 'ಸಿಕೂಲು' ಅಂದರೆ ಪದ ಗುರುತೇ ಸಿಗುವುದಿಲ್ಲ. ನನಗೆ ಎರಡೂ ಸರಿ ಅನ್ನಿಸುತ್ತದೆ, ಒಂದನ್ನು ಆರಿಸಲೇಬೇಕು ಅಂತೇನಿಲ್ಲ.

ಇಂಗ್ಲಿಷ್ ಚೆನ್ನಾಗಿ ಬಂದರೆ ಇಂಥ ರಿಪೇರಿ ಬೇಕಿಲ್ಲ ಅನ್ನುವವರಿಗೆ ಒಂದು ಮಾತು. ಸೈಕಾಲಜಿ ಬರೆಯುವಾಗ ಮೊದಲು 'ಪಿ' ಬರೆಯುತ್ತೀರಿ, ಹೇಳುವಾಗ ಅದೆಲ್ಲಿ ಹೋಯಿತು? ಗ್ರೀಕರು ಹೇಳುತ್ತಿದ್ದರು, ಇಂಗ್ಲಿಷರ ಬಾಯಿಗೆ ಅದು ಆಗಲಿಲ್ಲ. ನೈಫ್‌ನ ಮೊದಲ 'ಕೆ'ಯನ್ನು ಒಂದು ಕಾಲದಲ್ಲಿ ಅವರೂ ಉಚ್ಚರಿಸುತ್ತಿದ್ದರು. ಕ್ರ, ಕ್ಲ ಈಗಲೂ ಉಳಿದಿವೆ. ಕ್‌ನಿಂದ ನ್‌ಗೆ ಏರಿಕೆ ಇದ್ದರೂ ಅದು ಚಿಕ್ಕದು, ಇವತ್ತಿನ ಇಂಗ್ಲಿಷಿಗೆ ಅದು ಸಾಲದು. ಜರ್ಮನ್ನರಿಗೆ ಸಾಕು, ಅವರು ಮೊಣಕಾಲಿಗೆ ಇವತ್ತೂ 'ಕ್ನೀ' ಅನ್ನುತ್ತಾರೆ. ಅಂದರೆ ಇಂಗ್ಲಿಷರು ನುಂಗಿ ರಿಪೇರಿ ಮಾಡಿದರು, ನನ್ನ ಅಜ್ಜಿ ಸ್ವರ ಕೊಟ್ಟು ಮಾಡಿದಳು. ಅವರದು ಸ್ಟ್ಯಾಂಡರ್ಡ್, ಇವಳದು ಹಳ್ಳಿ ಭಾಷೆ!

ಹಾಗಂತ ಮೊಳಗಿನ ನಿಯಮ ಎಲ್ಲವನ್ನೂ ಹೇಳುತ್ತದೆ ಅಂತ ನಾನು ವಾದಿಸುವುದಿಲ್ಲ. ಸ್ಕೂಲ್ ಅನ್ನುವ ಇಂಗ್ಲಿಷ್ ಪದವೇ ಅದನ್ನು ಮುರಿಯುತ್ತದೆ. ಪದದ ಶುರುವಿನ 'ಸ್' ಬಹಳ ಭಾಷೆಗಳಲ್ಲಿ ಹೀಗೆ ತಲೆನೋವು ಕೊಡುತ್ತದೆ. ರಷ್ಯನ್‌ನಲ್ಲಿ 'ಲೋಬ್' ಅಂದರೆ ಹಣೆ, 'ಹಣೆಯ' ಅನ್ನಬೇಕಾದರೆ 'ಲ್ಬಾ'. ಅಲ್ಲಿ 'ಲ್'ನಿಂದ 'ಬ್'ಗೆ ಪೂರ್ತಿ ಜಾರುಬಂಡಿ. ಆದರೂ ಅವರು ಆರಾಮಾಗಿ ಹೇಳುತ್ತಾರೆ. ಆದ್ದರಿಂದ ಯಾವ ಒತ್ತಕ್ಷರವೂ ಮನುಷ್ಯನ ನಾಲಿಗೆಗೆ ಅಸಾಧ್ಯ ಅನ್ನುವ ಹಾಗಿಲ್ಲ. ಆ ಭಾಷೆ ಒಪ್ಪುವುದಿಲ್ಲ ಅನ್ನಬಹುದು ಅಷ್ಟೇ. 'ತೊಂಬಕ' ಅನ್ನುವ ಪದ ನಾನು ಕೇಳಿಲ್ಲ, ಆದರೆ ನಾಳೆ ಯಾರಾದರೂ ಅದು ತಮ್ಮೂರಿನ ಒಂದು ಪಾತ್ರೆ ಅಂದರೆ ನಂಬುತ್ತೇನೆ. 'ರ್ಕಾಮ' ಅಂದರೆ ನಂಬುವುದಿಲ್ಲ. ಬರೆಯಲು ಅಡ್ಡಿಯಿಲ್ಲ, ಅರ್ಕಾವೊತ್ತು ಇದೆಯಲ್ಲ. ಆದರೆ ಅರ್ಕಾವೊತ್ತಿನಿಂದ ಶುರುವಾಗುವ ಒಂದು ಕನ್ನಡ ಪದ ಹುಡುಕಿ ನೋಡೋಣ.

ಒಂದು ಸಣ್ಣ ಪರೀಕ್ಷೆ ಉಳಿದಿದೆ. ಸ್ಲೇಟಿನಲ್ಲಿ 'ಸ್'ನಿಂದ 'ಲ್'ಗೆ ಏರಿಕೆ. ನಾನು ಹೇಳಿದ್ದು ಸರಿಯಿದ್ದರೆ ಸ್ವರ ನಡುವೆ ಬರಬೇಕು. ನಮ್ಮ ಮನೆಯಲ್ಲಿ ಅದು ಸಿಲೇಟು. ನಿಮ್ಮ ಕಡೆ ಹಿರಿಯರು ಸಿಲೇಟು ಅನ್ನುತ್ತಿದ್ದರಾ, ಇಸ್ಲೇಟು ಅನ್ನುತ್ತಿದ್ದರಾ? ಊರಿನ ಹೆಸರಿನ ಜೊತೆ ಕೆಳಗೆ ಬರೆಯಿರಿ.