ಕಾರಣ: "ವಿದ್ಯಾರ್ಥಿಯ ಅಜಾಗರೂಕತೆ" ಅಂತೆ!

ಅದೊಂದು ಸಾಲು ತಲೆಯಿಂದ ಹೋಗುತ್ತಲೇ ಇಲ್ಲ. ಲ್ಯಾಬ್‌ನಲ್ಲಿ ನಾನು ಓಡಿಸುತ್ತಿದ್ದ ರೋಬೋಟ್ ಕೈ ಟೇಬಲ್‌ಗೆ ಬಡಿಯಿತಲ್ಲ, ಅದರ ರಿಪೋರ್ಟ್‌ನಲ್ಲಿ ಕಾರಣ ಅನ್ನುವ ಕಡೆ ಅಷ್ಟೇ ಇದೆ. ಸರ್ ಅದನ್ನು ಜೂನಿಯರ್‌ಗಳ ಎದುರೇ ಗಟ್ಟಿಯಾಗಿ ಓದಿದರು. ಓದಿ, ಕನ್ನಡಕ ಮೇಲೇರಿಸಿ, "ಏನಪ್ಪಾ, ಇಷ್ಟು ದೊಡ್ಡ ಟೇಬಲ್ ಕಣ್ಣಿಗೆ ಕಾಣಲಿಲ್ವಾ?" ಅಂದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ನಾನಲ್ಲ ಸರ್, ಗ್ರಿಪ್ಪರ್..." ಅಂತ ಬಾಯಿ ತೆರೆದೆ. "ಮೊದಲು ಸೈನ್ ಹಾಕು" ಅಂದರು. ಟೇಬಲ್ ಮೇಲೆ ಆಗಿದ್ದ ಗುಳಿಯನ್ನು ಬೆರಳಲ್ಲಿ ಸವರಿ, ಎಲ್ಲರಿಗೂ ತೋರಿಸಿದರು ಬೇರೆ.

ಟೇಬಲ್ ನನಗೆ ಕಾಣುತ್ತಿತ್ತು ಸ್ವಾಮಿ. ಕಾಣದೇ ಇದ್ದದ್ದು ರೋಬೋಟ್‌ಗೆ.

ರೋಬೋಟ್ ಕೈಯ ತುದಿಯಲ್ಲಿ ವಸ್ತು ಹಿಡಿಯುವ ಭಾಗವೇ ಗ್ರಿಪ್ಪರ್. ಹಳೇ ಗ್ರಿಪ್ಪರ್ 120 ಮಿ.ಮೀ. ಉದ್ದ. ಯಾರೋ ಅದನ್ನು ಬಿಚ್ಚಿ 165ರದ್ದು ಕೂರಿಸಿದ್ದಾರೆ. ರೋಬೋಟನ್ನು ನಡೆಸುವ ಕಂಟ್ರೋಲರ್‌ನಲ್ಲಿ ಮಾತ್ರ ಇನ್ನೂ 120. ನನ್ನ ಪ್ರೋಗ್ರಾಂ ಹೇಳುವುದು, ಗ್ರಿಪ್ಪರ್ ತುದಿ ಟೇಬಲ್‌ಗಿಂತ 30 ಮಿ.ಮೀ. ಮೇಲೆ ನಿಲ್ಲಲಿ ಅಂತ. ಕಂಟ್ರೋಲರ್ ಪಾಪ ಅದಕ್ಕೆ 120 ಕೂಡಿಸಿ, ಕೈಯ ಮಣಿಕಟ್ಟನ್ನು 150ಕ್ಕೆ ಇಳಿಸಲು ಹೊರಟಿತು. ಅಲ್ಲಿಂದ 165 ಕೆಳಗೆ ಅಂದರೆ ಟೇಬಲ್‌ನೊಳಗೆ 15 ಮಿ.ಮೀ.! ಸಿಮ್ಯುಲೇಶನ್‌ನಲ್ಲಿ ಯಾಕೆ ತಾಗಲಿಲ್ಲ ಅಂತ ಕೇಳಿದರು. ಅಲ್ಲೂ ಹಳೇ ಗ್ರಿಪ್ಪರ್‌ದೇ ಮಾಡೆಲ್, ತಾಗುವುದಾದರೂ ಹೇಗೆ? "ರೋಬೋಟ್ ತಾನೇ ನಿಲ್ಲಬೇಕಿತ್ತಲ್ವಾ?" ಅಂದರು. ನಿಂತಿತಲ್ಲ! ಅದಕ್ಕೆ ಬಲ ಗೊತ್ತಾಗುವುದೇ ತಾಗಿದ ಮೇಲೆ. ಅಷ್ಟರಲ್ಲಿ ಗ್ರಿಪ್ಪರ್‌ನ ಒಂದು ಬೆರಳು ಸೊಟ್ಟಗಾಗಿತ್ತು.

ಸೈನ್ ಹಾಕಲ್ಲ ಅಂತ ಗಟ್ಟಿ ಮನಸ್ಸು ಮಾಡಿದ್ದೆ. ಹಾಕಿದೆ. ಪೆನ್ನನ್ನೂ ನಾನೇ ಕೊಟ್ಟೆ, ಎಂಥ ವೀರ ನೋಡಿ. ಹೋಗಲಿ, ಇಂಟರ್ನಲ್ಸ್ ಅವರ ಕೈಯಲ್ಲಿದೆ.

ಆದರೆ ಪರಿಹಾರ ಅಂತ ಬರೆದಿದ್ದಾರಲ್ಲ, ಅದನ್ನು ಓದಿದರೆ ಮತ್ತೆ ಮೈ ಉರಿಯುತ್ತದೆ. ಗ್ರಿಪ್ಪರ್ ಇದಕ್ಕಿಂತ ಕೆಳಗೆ ಇಳಿಯಬಾರದು ಅಂತ ಟೇಬಲ್ ಮೇಲೆ ಸಾಫ್ಟ್‌ವೇರ್‌ನಲ್ಲಿ ಬೇಲಿ ಹಾಕುತ್ತಾರಂತೆ, ಸ್ಪೀಡ್ ಕಡಿಮೆ ಮಾಡುತ್ತಾರಂತೆ. ಆ ಬೇಲಿ ಅಳೆಯುವುದೂ ಅದೇ 120ರಿಂದ! ಉದ್ದ ತಪ್ಪಿದ್ದರೆ ಬೇಲಿಯೂ 45 ಮಿ.ಮೀ. ತಪ್ಪು. ಸ್ಪೀಡ್ ಕಡಿಮೆ ಮಾಡಿದರೆ ಏಟು ಮೆಲ್ಲಗೆ ಬೀಳುತ್ತದೆ, ಕೆಂಪು ಬಟನ್ ಒತ್ತಲು ಸಮಯ ಸಿಗುತ್ತದೆ, ಅಷ್ಟೇ.

ಬೇಕಾದ್ದು ಸುಲಭದ್ದು. ಗ್ರಿಪ್ಪರ್ ಬದಲಿಸಿದವರು ಪುಸ್ತಕದಲ್ಲಿ ಬರೆಯಬೇಕು. ಕಂಟ್ರೋಲರ್‌ನಲ್ಲೂ ಸಿಮ್ಯುಲೇಶನ್‌ನಲ್ಲೂ ಹೊಸ ಉದ್ದ ಹಾಕಬೇಕು. ಆಮೇಲೆ ಟೇಬಲ್ ಮೇಲೆ ಒಂದು ಚೂಪಾದ ಪಿನ್ ನಿಲ್ಲಿಸಿ, ಗ್ರಿಪ್ಪರ್ ತುದಿಯನ್ನು ಅದಕ್ಕೆ ಮುಟ್ಟಿಸಿ, ತುದಿ ಅಲ್ಲೇ ಇರುವ ಹಾಗೆ ಕೈಯನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಬೇಕು. ತುದಿ ಪಿನ್ ಬಿಟ್ಟು ಅಲೆದಾಡಿದರೆ ಉದ್ದ ತಪ್ಪು ಅಂತ ಅರ್ಥ. ಐದು ನಿಮಿಷದ ಕೆಲಸ.

ಇದೆಲ್ಲ ಬರೆದು ಏನು ಪ್ರಯೋಜನ, ಓದುವವರು ಯಾರು? ಸರಿ, ಇಷ್ಟಾದರೂ ಹೇಳಿ: ಆ ಗ್ರಿಪ್ಪರ್ ಬದಲಿಸಿದವರು ಯಾರು? ಲ್ಯಾಬ್ ಕೀ ಇರುವುದು ಮೂರೇ ಜನರ ಹತ್ತಿರ. ನನ್ನ ಹತ್ತಿರ ಇಲ್ಲ. ಯಾರಾದರೂ ಬಾಯಿ ಬಿಡಿ!