ಇಂಗ್ಲಿಷ್ ಉಚ್ಚಾರ: ಒಂದು ಸ್ಪಷ್ಟನೆ

"ಅಮೆರಿಕನ್ನರ ಹಾಗೇ ಮಾತಾಡದಿದ್ರೆ ಗೋಕರ್ಣ, ಕಾರವಾರಕ್ಕೆ ಬರೋ ವಿದೇಶಿಯರಿಗೆ ನಮ್ಮ ಇಂಗ್ಲಿಷ್ ತಿಳಿಯಲ್ಲ. ಮೊದಲು ಕನ್ನಡ, ಕೊಂಕಣಿ ಧಾಟಿ ಬಿಡಬೇಕಂತೆ, ಹೌದಾ?"

ಇಲ್ಲ. ದಟ್ಟ ಧಾಟಿ ಇದ್ದರೂ ಮಾತು ಪೂರ್ತಿ ಅರ್ಥವಾಗಬಹುದು ಎಂದು ಭಾಷಾ ಸಂಶೋಧಕರಾದ ಮನ್ರೋ ಮತ್ತು ಡರ್ವಿಂಗ್ 1995ರಲ್ಲೇ ತೋರಿಸಿದ್ದಾರೆ. ಹಾಗಾಗಿ ಕೇಳುಗ ಎಡವುವ ಜಾಗವನ್ನಷ್ಟೇ ತಿದ್ದಿದರೆ ಸಾಕು.

'ಥ್ಯಾಂಕ್ಸ್'ನ ಮೊದಲ ಧ್ವನಿಯನ್ನು ನಮ್ಮ ಥಕಾರದಲ್ಲೇ ಹೇಳಿ, ಸಾಮಾನ್ಯವಾಗಿ ಯಾರೂ ಗೊಂದಲಕ್ಕೀಡಾಗುವುದಿಲ್ಲ. ತೊಂದರೆ ಕೊಡುವುದು ಕ, ಟ, ಪ. ಇಂಗ್ಲಿಷಿನಲ್ಲಿ ಇವು ಒತ್ತಿ ಹೇಳುವ ಅಕ್ಷರದ ಮೊದಲಿಗೆ ಬಂದಾಗ ಜೊತೆಗೆ ಉಸಿರು ಹೊಮ್ಮುತ್ತದೆ. ಕೇಳುಗರು ಕ-ಗ ವ್ಯತ್ಯಾಸ ಹಿಡಿಯುವುದು ಬಹುಪಾಲು ಆ ಉಸಿರಿನಿಂದ. ನಮ್ಮ ಕಕಾರದಲ್ಲಿ ಅದಿಲ್ಲ. 'ಕೋಸ್ಟ್ ರೋಡ್' ಎಂದು ದಾರಿ ಹೇಳಿದರೆ ಎದುರಿನವರಿಗೆ 'ಗೋಸ್ಟ್ ರೋಡ್' ಎಂದು ಕೇಳಿಸಬಹುದು, ಅಂದರೆ ದೆವ್ವದ ರಸ್ತೆ! 'ಪ್ಯಾಕ್' ಹೀಗೆಯೇ 'ಬ್ಯಾಕ್' ಆಗುತ್ತದೆ.

ಅಭ್ಯಾಸಕ್ಕೆ ಬಾಯಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿದು 'ಪ್ಯಾಕ್' ಎನ್ನಿ. ಕಾಗದ ಅಲುಗಬೇಕು. 'ಬ್ಯಾಕ್' ಎಂದಾಗ ಅಷ್ಟು ಅಲುಗಬಾರದು. 'ಸ್ಪೂನ್', 'ಸ್ಕೂಲ್'ನಂತೆ ಸಕಾರದ ನಂತರ ಬಂದರೆ ಈ ಉಸಿರು ಬೇಡ. ಕಲಿತ ಹುರುಪಿನಲ್ಲಿ ಅಲ್ಲಿಯೂ ಸೇರಿಸಿಬಿಡಬೇಡಿ.

ಗುರಿಯನ್ನು ಅಳೆಯುವಂತೆ ಬರೆದುಕೊಳ್ಳಿ: "ನಾನು ಹೇಳುವ ಹತ್ತು ವಾಕ್ಯಗಳನ್ನು ಅಪರಿಚಿತರೊಬ್ಬರು ತಪ್ಪಿಲ್ಲದೆ ಬರೆದುಕೊಳ್ಳಬೇಕು." ಅವರಿಗೆ ವಾಕ್ಯಗಳು ಮೊದಲೇ ಗೊತ್ತಿರಬಾರದು, ಕನ್ನಡ ಅಥವಾ ಕೊಂಕಣಿ ಬಲ್ಲವರೂ ಆಗಬಾರದು, ನಮ್ಮ ಧಾಟಿಗೆ ಪಳಗಿದ ಕಿವಿ ತಪ್ಪನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ತಪ್ಪಾಗಿ ಬರೆದ ಪದಗಳೇ ಮುಂದಿನ ವಾರದ ಪಾಠ.